ನೀರಾಗಿದೆಯೋ, ಸಾರ ಇಳಿದಿಲ್ಲವೋ: ಒಂದು ಹನಿ ಕಾಫಿಯ ಲೆಕ್ಕ

ನಮ್ಮ ಮನೆಯಲ್ಲಿ ಕಾಫಿ ಕೆಟ್ಟಾಗ ಅಮ್ಮ ಎರಡು ಬೇರೆ ಬೇರೆ ಮಾತುಗಳನ್ನು ಆಡುತ್ತಿದ್ದರು. ಕೆಲವು ದಿನ ಒಂದು ಗುಟುಕು ಕುಡಿದು "ಇವತ್ತು ನೀರಾಗಿದೆ ಕಣೋ" ಎನ್ನುತ್ತಿದ್ದರು. ಇನ್ನು ಕೆಲವು ದಿನ, ಬಣ್ಣವೂ ಗಟ್ಟಿತನವೂ ಸರಿಯಾಗಿಯೇ ಕಾಣುತ್ತಿದ್ದಾಗಲೂ, "ಪುಡಿ ಸಾರ ಬಿಟ್ಟಿಲ್ಲ" ಎಂದು ಲೋಟವನ್ನು ಕೆಳಗಿಡುತ್ತಿದ್ದರು. ಇವೆರಡೂ ಒಂದೇ ದೂರಿನ ಎರಡು ರೂಪಗಳೆಂದು ನಾನು ಬಹಳ ಕಾಲ ಅಂದುಕೊಂಡಿದ್ದೆ. ಅವು ಒಂದೇ ಅಲ್ಲ ಎಂಬುದು, ಮತ್ತು ಒಂದಕ್ಕೆ ಮಾಡುವ ಮದ್ದು ಇನ್ನೊಂದನ್ನು ಹೆಚ್ಚು ಕೆಡಿಸಬಲ್ಲದು ಎಂಬುದು ನನಗೆ ಸ್ಪಷ್ಟವಾದದ್ದು ಹನಿ ಕಾಫಿಯಲ್ಲಿ ಎಷ್ಟು ಕರಗಿದೆ ಎಂದು ಬೆಳಕಿನಿಂದ ಅಳೆಯುವ ರಿಫ್ರಾಕ್ಟೋಮೀಟರ್ ಎಂಬ ಯಂತ್ರ ಕೊಂಡು, ಒಂದು ಚೀಲ ಕಾಫಿ ಬೀಜದ ಮೇಲೆ ಎರಡು ವಾರ ಲೆಕ್ಕ ಬರೆದ ಮೇಲೆ. ಆ ಎರಡು ವಾರದ ಅನುಭವವನ್ನೂ, ಅದರಿಂದ ಈ ಅಳತೆಯ ಬಗ್ಗೆ ನಾನು ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಎರಡು ಮಾತುಗಳನ್ನು ಅಳತೆಯ ಭಾಷೆಯಲ್ಲಿ ಹೇಳಿಕೊಳ್ಳೋಣ. ಲೋಟದಲ್ಲಿರುವ ಕಾಫಿಯಲ್ಲಿ ನೀರನ್ನು ಬಿಟ್ಟು ಕರಗಿರುವ ವಸ್ತು ನೂರಕ್ಕೆ ಎಷ್ಟು ಪಾಲು ಎಂಬುದು ಗಾಢತೆ. ಇದನ್ನೇ ಕಾಫಿಯವರು ಟಿಡಿಎಸ್ ಎನ್ನುತ್ತಾರೆ. ಫಿಲ್ಟರ್ ಕಾಗದದಲ್ಲಿ ಸೋಸಿದ ಪೋರ್‌ಓವರ್ ಕಾಫಿಯಲ್ಲಿ ಇದು ಸಾಮಾನ್ಯವಾಗಿ ಶೇ. 1.2ರಿಂದ 1.5ರವರೆಗೆ ಇರುತ್ತದೆ. ಅಂದರೆ ನೂರು ಗ್ರಾಂ ಕಾಫಿಯಲ್ಲಿ ತೊಂಬತ್ತೆಂಟೂವರೆ ಗ್ರಾಂಗಿಂತ ಹೆಚ್ಚು ನೀರೇ ಇರುತ್ತದೆ. ಹಾಕಿದ ಪುಡಿಯಲ್ಲಿ ನೂರಕ್ಕೆ ಎಷ್ಟು ಪಾಲು ಕರಗಿ ಲೋಟಕ್ಕೆ ಬಂತು ಎಂಬುದು ಎಕ್ಸ್‌ಟ್ರ್ಯಾಕ್ಷನ್, ಅಮ್ಮನ ಮಾತಿನಲ್ಲಿ ಸಾರ ಬಿಡುವುದು. ಹುರಿದ ಕಾಫಿಯಲ್ಲಿ ನೀರಿಗೆ ಕರಗಬಲ್ಲ ಭಾಗ ಸುಮಾರು ಶೇ. 28ರಿಂದ 30ರಷ್ಟು ಮಾತ್ರ. ಉಳಿದದ್ದು ಬಹುಮಟ್ಟಿಗೆ ನಾರು; ಎಷ್ಟು ನೀರು ಸುರಿದರೂ ಅದು ಚರಟವಾಗಿಯೇ ಉಳಿಯುತ್ತದೆ. ಕರಗಬಲ್ಲ ಭಾಗದಲ್ಲಿಯೂ ಹುಳಿ ಕೊಡುವ ಆಮ್ಲಗಳು ಬೇಗ ಬರುತ್ತವೆ. ಸಿಹಿಯ ಅನುಭವ ಕೊಡುವವು ಅವುಗಳ ಹಿಂದೆ ಬರುತ್ತವೆ. ಕಹಿ ಮತ್ತು ಒಗರು ಕೊಡುವ ಭಾರವಾದ ವಸ್ತುಗಳು ನಿಧಾನವಾಗಿ ಕೊನೆಯಲ್ಲಿ ಹೆಚ್ಚಾಗುತ್ತವೆ. ಆದ್ದರಿಂದ ಎಷ್ಟು ಬಂತು ಎಂಬ ಪ್ರಶ್ನೆಯ ಬೆನ್ನಿಗೇ ಏನು ಬಂತು ಎಂಬ ಪ್ರಶ್ನೆಯೂ ಇರುತ್ತದೆ.

ಇವೆರಡನ್ನೂ ಒಂದೇ ಪಟದ ಮೇಲೆ, ಒಂದನ್ನು ಅಡ್ಡಕ್ಕೂ ಇನ್ನೊಂದನ್ನು ಉದ್ದಕ್ಕೂ ಇಟ್ಟು ತೋರಿಸಿದವರು ಅಮೆರಿಕದ ರಸಾಯನ ವಿಜ್ಞಾನಿ ಅರ್ನೆಸ್ಟ್ ಲಾಕ್‌ಹಾರ್ಟ್. 1950ರ ದಶಕದಲ್ಲಿ ಅಲ್ಲಿಯ ಕಾಫಿ ಬ್ರೂಯಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ಅವರು ಸಿದ್ಧಪಡಿಸಿದ ಆ ಪಟದಲ್ಲಿ ಎಕ್ಸ್‌ಟ್ರ್ಯಾಕ್ಷನ್ ಶೇ. 18ರಿಂದ 22, ಗಾಢತೆ ಶೇ. 1.15ರಿಂದ 1.35 ಇರುವ ಚೌಕವನ್ನು ಹಿತವಾದ ಕಾಫಿಯ ಜಾಗವೆಂದು ಗುರುತಿಸಲಾಗಿತ್ತು. ಆ ಚೌಕ ಅಂದಿನ ಅಮೆರಿಕದ ಜನರ ನಾಲಿಗೆಯದು ಎಂಬುದನ್ನು ಮರೆಯಬಾರದು. ನನಗೆ ಅದರ ಮೇಲಂಚಿಗಿಂತ ತುಸು ಗಾಢವಾದ ಕಾಫಿಯೇ ಇಷ್ಟ. ಆದರೆ ಚೌಕವನ್ನು ಒಪ್ಪದವರಿಗೂ ಆ ಪಟ ಉಪಯುಕ್ತ, ಏಕೆಂದರೆ ನಿಮ್ಮ ಲೋಟ ಎಲ್ಲಿದೆ, ಯಾವ ಕಡೆಗೆ ಸರಿಯಿತು ಎಂಬುದನ್ನು ಅದು ಎರಡು ಸಂಖ್ಯೆಗಳಲ್ಲಿ ಹೇಳಿಬಿಡುತ್ತದೆ.

ರಿಫ್ರಾಕ್ಟೋಮೀಟರ್ ಅಳೆಯುವುದು ಈ ಎರಡರಲ್ಲಿ ಗಾಢತೆಯನ್ನು ಮಾತ್ರ, ಅದನ್ನೂ ನೇರವಾಗಿ ಅಲ್ಲ. ನೀರಿನಲ್ಲಿ ಏನಾದರೂ ಕರಗಿದ್ದರೆ ಅದರೊಳಗೆ ಹೋಗುವ ಬೆಳಕು ಬರಿಯ ನೀರಿನಲ್ಲಿ ಬಾಗುವುದಕ್ಕಿಂತ ಹೆಚ್ಚು ಬಾಗುತ್ತದೆ. ಯಂತ್ರದ ಪುಟ್ಟ ಬಟ್ಟಲಿನ ತಳದಲ್ಲಿರುವ ಗಾಜಿನ ಮೇಲೆ ಹನಿ ಬಿಟ್ಟಾಗ, ಕೆಳಗಿನಿಂದ ಬಂದ ಬೆಳಕು ಯಾವ ಕೋನದವರೆಗೆ ಹಿಂದಕ್ಕೆ ಪ್ರತಿಫಲಿಸುತ್ತದೆ, ಯಾವ ಕೋನದಿಂದ ಹನಿಯೊಳಗೆ ದಾಟಿ ಹೋಗುತ್ತದೆ ಎಂಬ ಗಡಿಯನ್ನು ಒಳಗಿನ ಸಂವೇದಕ ಗುರುತಿಸುತ್ತದೆ. ಮಂಡ್ಯದ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲಿನ ಬ್ರಿಕ್ಸ್, ಅಂದರೆ ನೂರಕ್ಕೆ ಎಷ್ಟು ಸಕ್ಕರೆ ಎಂಬುದನ್ನು, ನೋಡುವುದೂ, ದ್ರಾಕ್ಷಿ ತೋಟದವರು ಹಣ್ಣು ಕೊಯ್ಲಿಗೆ ಬಂದಿದೆಯೇ ಎಂದು ಪರೀಕ್ಷಿಸುವುದೂ ಇದೇ ತತ್ತ್ವದಿಂದ. ಬ್ರಿಕ್ಸ್ ಮಾನವು ಕರಗಿರುವುದು ಸಕ್ಕರೆ ಎಂದು ಭಾವಿಸುತ್ತದೆ. ಕಾಫಿಯಲ್ಲಿ ಕರಗಿರುವುದು ಬೇರೆ ವಸ್ತುಗಳಾದ್ದರಿಂದ ಅದನ್ನು ಸುಮಾರು 0.85ರಿಂದ ಗುಣಿಸಿಕೊಳ್ಳಬೇಕು. ಕಾಫಿಗೆಂದೇ ಈ ಪರಿವರ್ತನೆಯನ್ನು ಒಳಗೇ ಅಳವಡಿಸಿದ ಯಂತ್ರವನ್ನು ಅಮೆರಿಕದ ವಿನ್ಸ್ ಫೆಡೆಲೆ 2008ರ ಸುಮಾರಿಗೆ ತಂದ ಮೇಲೆ ಈ ಅಳತೆ ಪ್ರಯೋಗಾಲಯದಿಂದ ಕಾಫಿ ಅಂಗಡಿಗೂ ಮನೆಗೂ ಬಂತು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ನಮ್ಮಲ್ಲಿ ಟಿಡಿಎಸ್ ಎಂದೊಡನೆ ಕುಡಿಯುವ ನೀರಿನ ಯಂತ್ರ ಅಳವಡಿಸಲು ಬಂದವರು ಲೋಟದಲ್ಲಿ ಅದ್ದುವ ಪೆನ್ನಿನಂಥ ಸಾಧನ ನೆನಪಾಗುತ್ತದೆ. ಅದು ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು ನೋಡಿ ಲವಣಗಳ ಅಂದಾಜು ಕೊಡುತ್ತದೆ. ಕಾಫಿಯಲ್ಲಿ ಕರಗಿರುವುದರಲ್ಲಿ ಬಹುಪಾಲು ವಿದ್ಯುತ್ತನ್ನು ಒಯ್ಯದ ವಸ್ತುಗಳಾದ್ದರಿಂದ, ಆ ಪೆನ್ನನ್ನು ಕಾಫಿಯಲ್ಲಿ ಅದ್ದಿ ಬಂದ ಅಂಕಿಗೆ ಯಾವ ಅರ್ಥವೂ ಇಲ್ಲ. ಎರಡನೆಯದು, ಕಡಿಮೆ ಬೆಲೆಗೆ ಸಿಗುವ, ಕಣ್ಣಿಗೆ ಹಿಡಿದು ನೋಡುವ ಬ್ರಿಕ್ಸ್ ಕೊಳವೆ. ಅದರ ಗೆರೆಗಳ ನಡುವಿನ ಅಂತರ ಸಾಮಾನ್ಯವಾಗಿ 0.2 ಬ್ರಿಕ್ಸ್, ಅಂದರೆ ಕಾಫಿಯ ಗಾಢತೆಯಲ್ಲಿ ಶೇ. 0.17. ಇದು ಚಿಕ್ಕದೆಂದು ಕಂಡರೂ, ಕೆಳಗಿನ ಲೆಕ್ಕ ನೋಡಿದಾಗ ಒಂದು ಗೆರೆಯ ವ್ಯತ್ಯಾಸಕ್ಕೆ ಎಕ್ಸ್‌ಟ್ರ್ಯಾಕ್ಷನ್ ಎರಡು ಶೇಕಡಾಕ್ಕಿಂತ ಹೆಚ್ಚು ಅತ್ತಿತ್ತ ಆಗುವುದು ತಿಳಿಯುತ್ತದೆ. ಪೋರ್‌ಓವರ್‌ಗೆ ಅದು ಸಾಲದು.

ಲೆಕ್ಕ ಸರಳವಾದದ್ದು. ಲೋಟಕ್ಕೆ ಬಂದ ಕಾಫಿಯ ತೂಕವನ್ನು ಗಾಢತೆಯ ಶೇಕಡಾದಿಂದ ಗುಣಿಸಿ, ಹಾಕಿದ ಪುಡಿಯ ತೂಕದಿಂದ ಭಾಗಿಸಿದರೆ ಎಕ್ಸ್‌ಟ್ರ್ಯಾಕ್ಷನ್ ಶೇಕಡಾ ಬರುತ್ತದೆ. ಇಲ್ಲಿ ಹೊಸಬರು ಮಾಡುವ ತಪ್ಪೆಂದರೆ ಸುರಿದ ನೀರಿನ ತೂಕವನ್ನು ಬಳಸುವುದು. ಪುಡಿ ತನ್ನ ತೂಕದ ಸುಮಾರು ಎರಡು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಸುರಿದದ್ದೆಲ್ಲ ಕೆಳಗಿಳಿಯುವುದಿಲ್ಲ. ಖಾಲಿ ಪಾತ್ರೆಯ ತೂಕವನ್ನು ಮೊದಲೇ ಬರೆದಿಟ್ಟುಕೊಂಡು, ಇಳಿದ ಕಾಫಿಯನ್ನು ತೂಗಬೇಕು.

ಈಗ ಆ ಚೀಲದ ವಿಷಯಕ್ಕೆ ಬರುತ್ತೇನೆ. ಅದು ಚಿಕ್ಕಮಗಳೂರಿನ ಒಂದು ತೋಟದ, ತೊಳೆದು ಒಣಗಿಸಿದ ಅರೇಬಿಕಾ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಹಳೆಯ ತಳಿಯಾದ ಎಸ್. 795. ತೆಳುವಾಗಿ ಹುರಿದ ಕಾಲು ಕಿಲೋ ಬೀಜ. ಮೂರನೆಯ ದಿನ ನಾನು ಮಾಡಿದ ಲೋಟ ಬಹಳ ಚೆನ್ನಾಗಿತ್ತು. 15 ಗ್ರಾಂ ಪುಡಿ, 240 ಗ್ರಾಂ ನೀರು, ನೀರೆಲ್ಲ ಇಳಿಯಲು 3 ನಿಮಿಷ 10 ಸೆಕೆಂಡು. ಇಳಿದ ಕಾಫಿ 208 ಗ್ರಾಂ, ಗಾಢತೆ ಶೇ. 1.42. ಗುಣಿಸಿ ಭಾಗಿಸಿದರೆ ಎಕ್ಸ್‌ಟ್ರ್ಯಾಕ್ಷನ್ ಶೇ. 19.7. ಅಂದರೆ 15 ಗ್ರಾಂ ಪುಡಿಯಲ್ಲಿ ಮೂರು ಗ್ರಾಂಗೆ ತುಸು ಕಡಿಮೆ ನನ್ನ ಲೋಟಕ್ಕೆ ಬಂದಿತ್ತು. ಹುಳಿಯಿದ್ದರೂ ಅದರ ಹಿಂದೆ ಬೆಲ್ಲದಂಥ ಸಿಹಿ ನಿಲ್ಲುತ್ತಿತ್ತು. ಈ ಅಂಕಿಗಳನ್ನು ಪುಸ್ತಕದಲ್ಲಿ ಬರೆದು, ಇದನ್ನೇ ಪ್ರತಿದಿನ ಮಾಡಬೇಕೆಂದು ನಿರ್ಧರಿಸಿದೆ.

ಎಂಟನೆಯ ದಿನದ ಲೋಟ ತೆಳುವಾಗಿತ್ತು, ಹುಳಿ ಮುಂದೆ ಬಂದು ನಿಂತಿತ್ತು. ಪುಡಿ, ನೀರು, ಕೆಟಲಿನ ಶಾಖ, ಗ್ರೈಂಡರಿನ ಗುರುತು ಎಲ್ಲವೂ ಅದೇ. ಅಳತೆ ಮಾಡದೇ ಹೋಗಿದ್ದರೆ ನಾನು ಮಾಡುತ್ತಿದ್ದದ್ದು ಒಂದೇ, ಮರುದಿನ ಪುಡಿ ಹೆಚ್ಚು ಹಾಕುವುದು. ನಿಜಕ್ಕೂ ಅಂದು ಸಂಜೆ ಅದನ್ನೇ ಮಾಡಿದೆ, ಆದರೆ ಅಳೆದು ಮಾಡಿದೆ. ಬೆಳಗಿನ ಲೋಟದಲ್ಲಿ 209 ಗ್ರಾಂ ಕಾಫಿ, ಗಾಢತೆ 1.28, ಎಕ್ಸ್‌ಟ್ರ್ಯಾಕ್ಷನ್ 17.8. ಸಂಜೆ ಪುಡಿಯನ್ನು 16.5 ಗ್ರಾಂಗೆ ಏರಿಸಿದಾಗ 205 ಗ್ರಾಂ ಕಾಫಿ ಇಳಿದು ಗಾಢತೆ 1.38ಕ್ಕೆ ಬಂತು. ನೀರಾದ ಅನುಭವ ಹೋಯಿತು. ಆದರೆ ಎಕ್ಸ್‌ಟ್ರ್ಯಾಕ್ಷನ್ 17.1ಕ್ಕೆ ಇಳಿದಿತ್ತು, ಹುಳಿ ಇನ್ನೂ ಚೂಪಾಗಿತ್ತು. ನೀರು ಅಷ್ಟೇ ಇದ್ದು ಪುಡಿ ಹೆಚ್ಚಾದರೆ ಪ್ರತಿ ಗ್ರಾಂ ಪುಡಿಗೆ ಸಿಗುವ ನೀರು ಕಡಿಮೆಯಾಗುತ್ತದೆ, ಪುಡಿ ಸಾರ ಬಿಡುವುದೂ ಕಡಿಮೆಯಾಗುತ್ತದೆ. ಅಮ್ಮನ ಮಾತಿನಲ್ಲಿ ಹೇಳುವುದಾದರೆ, "ನೀರಾಗಿದೆ" ಎಂಬ ದೂರಿಗೆ ಮದ್ದು ಕೊಟ್ಟು "ಸಾರ ಬಿಟ್ಟಿಲ್ಲ" ಎಂಬ ರೋಗವನ್ನು ಹೆಚ್ಚಿಸಿದ್ದೆ.

ಮೂರನೆಯ ದಿನಕ್ಕೆ ಹೋಲಿಸಿದರೆ ಆ ಬೆಳಗಿನ ಲೋಟದಲ್ಲಿ ಎರಡು ಅಂಕಿಗಳೂ ಒಟ್ಟಿಗೆ ಕೆಳಗಿಳಿದಿದ್ದವು ಎಂಬುದೇ ಇಲ್ಲಿ ಸುಳಿವು. ಪುಡಿ ಮತ್ತು ನೀರಿನ ಪ್ರಮಾಣ ಬದಲಾಗದೆ ಗಾಢತೆ ಇಳಿದಿದ್ದರೆ ಅದರ ಕಾರಣ ಎಕ್ಸ್‌ಟ್ರ್ಯಾಕ್ಷನ್ ಇಳಿದಿರುವುದೇ ಆಗಿರಬೇಕು. ಹಾಗಾದರೆ ಪ್ರಮಾಣವನ್ನು ಮುಟ್ಟದೆ, ಸಾರ ಇಳಿಯುವ ವೇಗವನ್ನು ನಿರ್ಧರಿಸುವ ಸಂಗತಿಗಳನ್ನು ನೋಡಬೇಕು: ಪುಡಿಯ ನುಣುಪು, ನೀರಿನ ಶಾಖ, ನೀರು ಪುಡಿಯಲ್ಲಿ ಕಳೆಯುವ ಸಮಯ, ಕಲಕುವಿಕೆ. ಪುಸ್ತಕ ತೆಗೆದು ನೋಡಿದಾಗ, ನೀರಿಳಿಯಲು ತೆಗೆದುಕೊಂಡ ಸಮಯ 3 ನಿಮಿಷ 10 ಸೆಕೆಂಡಿನಿಂದ 2 ನಿಮಿಷ 35 ಸೆಕೆಂಡಿಗೆ ಇಳಿದಿತ್ತು. ಪುಡಿ ದಪ್ಪವಾಗಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಗುರುತು ಅದೇ ಇದ್ದರೂ ಪುಡಿ ದಪ್ಪವಾದದ್ದು ಹೇಗೆ ಎಂದರೆ, ಆರನೆಯ ದಿನ ನಾನು ಗ್ರೈಂಡರನ್ನು ಬಿಚ್ಚಿ, ಬೀಜ ಅರೆಯುವ ಹಲ್ಲುಗಳಾದ ಬರ್‌ಗಳನ್ನು ಬ್ರಷ್‌ನಿಂದ ಶುಚಿಮಾಡಿ ಮತ್ತೆ ಜೋಡಿಸಿದ್ದೆ. ಜೋಡಿಸುವಾಗ ಬರ್‌ಗಳು ಒಂದಕ್ಕೊಂದು ತಾಗುವ ಬಿಂದು ತುಸು ಸರಿದಿತ್ತು. ಆ ಬಿಂದುವನ್ನು ಸೊನ್ನೆಯೆಂದು ಮತ್ತೆ ಹೊಂದಿಸಿ, ಅಲ್ಲಿಂದ ಎಣಿಸಿ ಇಟ್ಟಾಗ 15 ಗ್ರಾಂ ಪುಡಿಗೆ 207 ಗ್ರಾಂ ಕಾಫಿ, ಗಾಢತೆ 1.41, ಎಕ್ಸ್‌ಟ್ರ್ಯಾಕ್ಷನ್ 19.5 ಬಂತು. ಹಿಂದಿನ ಸಿಹಿಯೂ ಮರಳಿತು. ಗ್ರೈಂಡರಿನ ಗುರುತನ್ನು ನಂಬಬಾರದು, ಅದರಿಂದ ಬಂದ ಪುಡಿಯ ವರ್ತನೆಯನ್ನು ನಂಬಬೇಕು ಎಂದು ಅಂದಿನಿಂದ ನಡೆದುಕೊಳ್ಳುತ್ತಿದ್ದೇನೆ.

ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ಅದೇ 19.7ರ ಲೋಟ ಮನೆಗೆ ಬಂದ ಗೆಳೆಯರಿಗೆ ತೀರ ಗಟ್ಟಿಯೆನಿಸಿತು. ಆಗ ಪುಡಿಯನ್ನು ದಪ್ಪ ಮಾಡಬೇಕಾಗಿಲ್ಲ, ಹಾಗೆ ಮಾಡಿದರೆ ರುಚಿಯ ಸಮತೋಲವೇ ಹೋಗುತ್ತದೆ. ಇಳಿದ ಕಾಫಿಗೆ ಬಿಸಿನೀರು ಬೆರೆಸಿದರೆ ಸಾಕು. 208 ಗ್ರಾಂ ಕಾಫಿಯಲ್ಲಿ ಕರಗಿರುವುದು 2.95 ಗ್ರಾಂ, ಅದು ಶೇ. 1.30 ಆಗಬೇಕಾದರೆ ಒಟ್ಟು 227 ಗ್ರಾಂ ಇರಬೇಕು, ಅಂದರೆ 19 ಗ್ರಾಂ ನೀರು. ಗಾಢತೆ ಇಳಿಯಿತು, ಎಕ್ಸ್‌ಟ್ರ್ಯಾಕ್ಷನ್ ಇದ್ದಲ್ಲಿಯೇ ಉಳಿಯಿತು. ನಮ್ಮ ಮನೆಗಳಲ್ಲಿ ಗಟ್ಟಿ ಡಿಕಾಕ್ಷನ್ ಇಳಿಸಿಟ್ಟು, ಅವರವರಿಗೆ ಬೇಕಾದಷ್ಟು ಬೆರೆಸಿ ಕೊಡುವುದು ಈ ಎರಡನ್ನೂ ಬೇರ್ಪಡಿಸಿದ ಪದ್ಧತಿಯೇ ಆಗಿದೆ.

ಈ ಅಂಕಿಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದು ಮುಂದಿನ ಪ್ರಶ್ನೆ, ಮತ್ತು ನನ್ನ ಮೊದಲ ವಾರದ ಬಹುಪಾಲು ಅಂಕಿಗಳನ್ನು ನಾನೇ ಹೊಡೆದುಹಾಕಬೇಕಾದದ್ದು ಇದನ್ನು ಸರಿಯಾಗಿ ತಿಳಿದುಕೊಳ್ಳದೆ ಇದ್ದುದರಿಂದ. ಯಂತ್ರಕ್ಕಿಂತ ಹೆಚ್ಚು ತಪ್ಪು ಹನಿಯಲ್ಲಿರುತ್ತದೆ. ಪೋರ್‌ಓವರ್‌ನಲ್ಲಿ ಮೊದಲು ಇಳಿಯುವ ಕಾಫಿ ಬಹಳ ಗಾಢ, ಕೊನೆಯಲ್ಲಿ ಇಳಿಯುವುದು ಚಹಾದ ನೀರಿನಷ್ಟು ತೆಳು. ಪಾತ್ರೆಯಲ್ಲಿ ಗಾಢವಾದದ್ದು ತಳದಲ್ಲಿ ಉಳಿಯುತ್ತದೆ. ಕಲಕದೆ ಮೇಲಿನಿಂದ ಹನಿ ತೆಗೆದಾಗ ನನಗೆ ಒಮ್ಮೆ 1.22 ಬಂದಿತ್ತು, ಅದೇ ಪಾತ್ರೆಯನ್ನು ಚಮಚದಿಂದ ಚೆನ್ನಾಗಿ ಕಲಕಿ ತೆಗೆದಾಗ 1.40 ಬಂತು. ಕಲಕದ ಕಾಫಿಯನ್ನು ಅಳೆಯುವುದೂ ಒಂದೇ, ಅಳೆಯದಿರುವುದೂ ಒಂದೇ.

ಎರಡನೆಯ ತಪ್ಪು ಶಾಖದ್ದು. ದ್ರವ ಬಿಸಿಯಾದಷ್ಟೂ ಬೆಳಕು ಕಡಿಮೆ ಬಾಗುತ್ತದೆ. ಕೋಣೆಯ ಶಾಖದ ಆಸುಪಾಸಿನಲ್ಲಿ ಒಂದು ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಗಾಢತೆಯ ಅಂಕಿ ಸುಮಾರು ಶೇ. 0.06ರಷ್ಟು ಸರಿಯುತ್ತದೆ. ಯಂತ್ರ ತನ್ನ ಗಾಜಿನ ಶಾಖವನ್ನು ನೋಡಿ ಇದನ್ನು ತಿದ್ದುತ್ತದೆ, ಆದರೆ ಹನಿಯೂ ಗಾಜೂ ಒಂದೇ ಶಾಖಕ್ಕೆ ಬಂದಿವೆ ಎಂದು ಅದು ಭಾವಿಸಿರುತ್ತದೆ. ಬಿಸಿ ಹನಿಯನ್ನು ಬಿಟ್ಟು ಕೂಡಲೇ ಗುಂಡಿ ಒತ್ತಿದರೆ ಅಂಕಿ ಕಡಿಮೆ ಬರುತ್ತದೆ. ಆರಲಿ ಎಂದು ಬಟ್ಟಲಿನಲ್ಲಿಯೇ ತೆರೆದಿಟ್ಟರೆ ಆ ಒಂದು ಹನಿಯಿಂದ ನೀರು ಆವಿಯಾಗಿ ಅಂಕಿ ಹೆಚ್ಚಾಗುತ್ತದೆ. ಎರಡು ತಪ್ಪುಗಳೂ ವಿರುದ್ಧ ದಿಕ್ಕಿನವಾದ್ದರಿಂದ, ಕೆಲವೊಮ್ಮೆ ಅವು ಒಂದನ್ನೊಂದು ಮುಚ್ಚಿ ಸರಿಯಾದ ಅಂಕಿಯಂತೆ ಕಾಣಿಸಿಕೊಳ್ಳುತ್ತವೆ. ನಾನು ಈಗ ಮಾಡುವುದು ಹೀಗೆ: ಕಲಕಿದ ಕಾಫಿಯನ್ನು ಔಷಧಿಯ ಹಳೆಯ ಪುಟ್ಟ ಸೀಸೆಯಷ್ಟು ತೆಗೆದು, ಮುಚ್ಚಳ ಹಾಕಿ, ಯಂತ್ರದ ಪಕ್ಕದಲ್ಲಿಯೇ ಕೋಣೆಯ ಶಾಖಕ್ಕೆ ಬರುವವರೆಗೆ ಇಡುತ್ತೇನೆ. ಯಂತ್ರದಲ್ಲಿ ಡಿಸ್ಟಿಲ್ಡ್ ನೀರಿನ ಹನಿ ಬಿಟ್ಟು ಸೊನ್ನೆ ಹೊಂದಿಸುತ್ತೇನೆ. ಆ ನೀರನ್ನೂ ಅದೇ ಜಾಗದಲ್ಲಿ ಇಟ್ಟಿರುತ್ತೇನೆ. ಆಮೇಲೆ ಗಾಜನ್ನು ಆಲ್ಕೋಹಾಲ್ ತೇವದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಟ್ಟು, ಕಾಫಿಯ ಹನಿ ಬಿಟ್ಟು, ಅರ್ಧ ನಿಮಿಷ ಕಾದು, ಮೂರು ಬಾರಿ ಓದುತ್ತೇನೆ. ಮೂರು ಓದುಗಳು ಒಂದೇ ದಿಕ್ಕಿಗೆ ಏರುತ್ತಲೋ ಇಳಿಯುತ್ತಲೋ ಹೋದರೆ ಹನಿ ಇನ್ನೂ ನೆಲೆಗೊಂಡಿಲ್ಲವೆಂದೇ ಅರ್ಥ. ಗಾಜಿನ ಮೇಲೆ ಹಳೆಯ ಕಾಫಿಯ ಎಣ್ಣೆಯ ಪೊರೆ ಉಳಿದಿದ್ದರೆ ಡಿಸ್ಟಿಲ್ಡ್ ನೀರೇ ಸೊನ್ನೆ ತೋರಿಸುವುದಿಲ್ಲ. ಆದ್ದರಿಂದ ಕೊನೆಯಲ್ಲಿ ಇನ್ನೊಮ್ಮೆ ಅದೇ ನೀರಿನ ಹನಿ ಬಿಟ್ಟು ನೋಡಿದರೆ ಯಂತ್ರದ ಮೇಲಿನ ಸಂಶಯವೂ ತೀರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವ ಅನಿಶ್ಚಿತತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಯಂತ್ರದ ಅಂಕಿ 0.03ರಷ್ಟು ಅತ್ತಿತ್ತ ಇರಬಹುದು ಎಂದುಕೊಳ್ಳಿ. ಅದನ್ನು 208ರಿಂದ ಗುಣಿಸಿ 15ರಿಂದ ಭಾಗಿಸಿದರೆ ಎಕ್ಸ್‌ಟ್ರ್ಯಾಕ್ಷನ್‌ನಲ್ಲಿ ಶೇ. 0.4. ಪುಡಿಯ ತೂಕದಲ್ಲಿ 0.1 ಗ್ರಾಂ ತಪ್ಪಿದರೆ 0.13, ಇಳಿದ ಕಾಫಿಯ ತೂಕದಲ್ಲಿ ಒಂದು ಗ್ರಾಂ ತಪ್ಪಿದರೆ ಸುಮಾರು 0.1. ಒಟ್ಟಿನಲ್ಲಿ ಅರ್ಧ ಶೇಕಡಾಕ್ಕಿಂತ ಚಿಕ್ಕ ವ್ಯತ್ಯಾಸವನ್ನು ನಾನು ವ್ಯತ್ಯಾಸವೆಂದೇ ಪರಿಗಣಿಸುವುದಿಲ್ಲ. 19.7 ಮತ್ತು 19.5 ನನಗೆ ಒಂದೇ ಲೋಟ, 19.7 ಮತ್ತು 17.8 ಬೇರೆ ಬೇರೆ ಲೋಟಗಳು. ಯಂತ್ರದ ಪರದೆ ಎರಡು ದಶಮಾಂಶ ತೋರಿಸುತ್ತದೆ ಎಂಬ ಕಾರಣಕ್ಕೆ 19.62ನ್ನು 19.70ಕ್ಕೆ ಏರಿಸಲು ಹೊರಡುವುದು ವ್ಯರ್ಥ ಶ್ರಮ.

ಅಂಕಿ ಸರಿಯಾಗಿದ್ದೂ ರುಚಿ ಸರಿಯಿಲ್ಲದ ಲೋಟಗಳೂ ಇವೆ; ಈ ಅಳತೆಯ ನಿಜವಾದ ಮಿತಿ ಇರುವುದು ಅಲ್ಲಿಯೇ. ಎಕ್ಸ್‌ಟ್ರ್ಯಾಕ್ಷನ್ ಎಂಬುದು ಸರಾಸರಿ. ನೀರು ಪುಡಿಯ ಹಾಸಿಗೆಯಲ್ಲಿ ಒಂದು ಕಡೆ ಕಾಲುವೆ ಮಾಡಿಕೊಂಡು ಹರಿದರೆ, ಆ ದಾರಿಯ ಪುಡಿಯಿಂದ ಶೇ. 23ರಷ್ಟು ಸಾರ ಬಂದು ನೀರು ಸರಿಯಾಗಿ ತಾಗದ ಇನ್ನೊಂದು ಅರ್ಧದಿಂದ 16.4 ಮಾತ್ರ ಬಂದಿರಬಹುದು. ಸರಾಸರಿ ಅದೇ 19.7. ಆದರೆ ಆ ಲೋಟದಲ್ಲಿ ಹುಳಿಯೂ ಒಗರೂ ಒಟ್ಟಿಗೆ ಇರುತ್ತವೆ, ನಡುವಿನ ಸಿಹಿ ಇರುವುದಿಲ್ಲ. ರಿಫ್ರಾಕ್ಟೋಮೀಟರ್ ಇದನ್ನು ಎಂದಿಗೂ ಹೇಳಲಾರದು, ನಾಲಿಗೆ ಹೇಳುತ್ತದೆ. ಕೇವಲ ಹುಳಿಯಾದರೆ ಸಾರ ಕಡಿಮೆ ಇಳಿದಿದೆ, ಕೇವಲ ಕಹಿ ಮತ್ತು ಒಗರಾದರೆ ಹೆಚ್ಚು ಇಳಿದಿದೆ, ಎರಡೂ ಇದ್ದು ಅಂಕಿ ಚೆನ್ನಾಗಿದ್ದರೆ ಅಸಮವಾಗಿ ಇಳಿದಿದೆ ಎಂದು ತಿಳಿಯಬಹುದು. ಆಗ ಚರಟವನ್ನು ನೋಡುವುದು ಒಳ್ಳೆಯದು. ಹಾಸಿಗೆ ಒಂದು ಕಡೆ ತಗ್ಗಾಗಿದ್ದರೆ, ಕಾಗದದ ಗೋಡೆಗೆ ಒಂದೇ ಬದಿಯಲ್ಲಿ ಪುಡಿ ಎತ್ತರಕ್ಕೆ ಅಂಟಿದ್ದರೆ, ನೀರು ಸುರಿದ ಕೈ ಸಮವಾಗಿರಲಿಲ್ಲ. ನನ್ನ ವಿಷಯದಲ್ಲಿ ಮೊದಲ ಸುರಿಯುವಿಕೆಯಲ್ಲಿ ಪುಡಿ ಪೂರ್ತಿ ನೆನೆಯದೆ ಒಣ ಗಂಟುಗಳು ಉಳಿಯುತ್ತಿದ್ದವು. ಮೊದಲ 45 ಗ್ರಾಂ ನೀರು ಸುರಿದ ಕೂಡಲೇ ಕಾಗದ ಇಟ್ಟ ಶಂಕುವಿನಾಕಾರದ ಸೋಸುಪಾತ್ರೆಯನ್ನು ಹಿಡಿದು ಮೆಲ್ಲಗೆ ಸುತ್ತಿಸಿದ್ದರಿಂದ ಅದು ಸರಿಹೋಯಿತು.

ಶಾಖದ ಬಗ್ಗೆ ಒಂದು ಮಾತು. ನೀರಿನ ಶಾಖವೇ ರುಚಿಯನ್ನು ನೇರವಾಗಿ ಬದಲಿಸುತ್ತದೆ ಎಂದು ನಾನೂ ನಂಬಿದ್ದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಾಢತೆ ಮತ್ತು ಎಕ್ಸ್‌ಟ್ರ್ಯಾಕ್ಷನ್ ಎರಡನ್ನೂ ಒಂದೇ ಮಟ್ಟಕ್ಕೆ ತಂದಾಗ ಶಾಖದಿಂದಾಗುವ ರುಚಿಯ ವ್ಯತ್ಯಾಸ ಬಹಳ ಕಡಿಮೆ ಎಂದು ಕಂಡುಬಂದಿತು. ಅವರ ಪರೀಕ್ಷೆ ಡ್ರಿಪ್ ಕಾಫಿಯದು. ಶಾಖ ಮುಖ್ಯವೇ, ಆದರೆ ಅದರ ಕೆಲಸ ನಡೆಯುವುದು ಬಹುಮಟ್ಟಿಗೆ ಈ ಎರಡು ಅಂಕಿಗಳ ಮೂಲಕ ಎಂಬುದು ನನಗೆ ಧೈರ್ಯ ಕೊಟ್ಟ ಸಂಗತಿ. ಕೆಟಲ್ ಎರಡು ಡಿಗ್ರಿ ಕಡಿಮೆ ಇದ್ದ ದಿನ ನಾನು ಈಗ ಗಾಬರಿಯಾಗುವುದಿಲ್ಲ.

ಪುಡಿಯನ್ನು ನೀರಿನಲ್ಲಿಯೇ ನೆನೆಸಿಡುವ ಫ್ರೆಂಚ್ ಪ್ರೆಸ್‌ನಂಥ ವಿಧಾನಕ್ಕೆ ಮೇಲಿನ ಲೆಕ್ಕ ಹಾಗೆಯೇ ಹೊಂದುವುದಿಲ್ಲ. ಅಲ್ಲಿ ಪುಡಿಯಲ್ಲಿ ಉಳಿದ ದ್ರವವೂ ಲೋಟದ ಕಾಫಿಯಷ್ಟೇ ಗಾಢವಾಗಿರುತ್ತದೆ, ಆದ್ದರಿಂದ ಅಲ್ಲಿ ಸುರಿದ ನೀರಿನ ತೂಕವನ್ನೇ ಬಳಸಬೇಕು. 30 ಗ್ರಾಂ ಪುಡಿ, 500 ಗ್ರಾಂ ನೀರು, ಗಾಢತೆ 1.25 ಇದ್ದರೆ ಪುಡಿಯಿಂದ ಕರಗಿದ್ದು ಶೇ. 20.8, ಲೋಟಕ್ಕೆ ಬಂದ 440 ಗ್ರಾಂ ಮಾತ್ರ ಹಿಡಿದರೆ 18.3 ಎಂದು ಬರುತ್ತದೆ. ಎರಡು ವಿಧಾನಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಯಾವುದು ಮೇಲು ಎಂದು ತೀರ್ಮಾನಿಸುವವರು ಮೊದಲು ಇದನ್ನು ಗಮನಿಸಬೇಕು.

ಕೊನೆಗೆ ನನಗೆ ಬಹಳ ಕುತೂಹಲ ಇದ್ದದ್ದು ನಮ್ಮ ಮನೆಯ ಸ್ಟೀಲ್ ಫಿಲ್ಟರಿನ ಬಗ್ಗೆ. ಮೊದಲು ಶುದ್ಧ ಕಾಫಿ ಪುಡಿ 20 ಗ್ರಾಂ ಹಾಕಿ 110 ಗ್ರಾಂ ಕುದಿನೀರು ಸುರಿದೆ. 62 ಗ್ರಾಂ ಡಿಕಾಕ್ಷನ್ ಇಳಿಯಿತು. ಲೋಹದ ರಂಧ್ರಗಳಿಂದ ನುಣ್ಣನೆಯ ಪುಡಿಯೂ ಬರುವುದರಿಂದ ಅದನ್ನು ಸಿರಿಂಜಿಗೆ ಹಾಕುವ ಸೋಸುಬಿಲ್ಲೆಯ ಮೂಲಕ ಸೋಸಿ ಹನಿ ಬಿಟ್ಟೆ. ಕರಗದ ಪುಡಿ ಬೆಳಕಿನ ಗಡಿಯನ್ನು ಮಸುಕು ಮಾಡಿ ಓದು ಒಂದೊಂದು ಸಲ ಒಂದೊಂದು ಬರುವಂತೆ ಮಾಡುತ್ತದೆ. ಗಾಢತೆ 5.0, ಎಕ್ಸ್‌ಟ್ರ್ಯಾಕ್ಷನ್ 15.5. ಪಟದ ಚೌಕಕ್ಕೆ ಹೋಲಿಸಿದರೆ ಕಡಿಮೆ, ಆದರೆ ಅದಕ್ಕೆ ಕಾರಣವಿದೆ. ಸುರಿದ ನೀರಿನಲ್ಲಿ ಸುಮಾರು ಅರ್ಧ ಪುಡಿಯಲ್ಲಿಯೇ ಉಳಿದಿದೆ, ಮತ್ತು ಅದರಲ್ಲಿ ಕರಗಿದ ಸಾರವೂ ಉಳಿದಿದೆ. ಅಮ್ಮ ಯಾವಾಗಲೂ ಮಾಡುವಂತೆ ಮತ್ತೆ 60 ಗ್ರಾಂ ಕುದಿನೀರು ಸುರಿದು ಎರಡನೇ ಡಿಕಾಕ್ಷನ್ ಇಳಿಸಿದಾಗ ಅದರ ಗಾಢತೆ 1.9 ಇತ್ತು. ಆ 60 ಗ್ರಾಂನಲ್ಲಿ ಪುಡಿಯ ಇನ್ನೂ 5.7 ಶೇಕಡಾ ಬಂದಂತಾಯಿತು, ಎರಡೂ ಕೂಡಿ 21.2. ಎರಡನೇ ಡಿಕಾಕ್ಷನ್ನನ್ನು ಉಳಿತಾಯದ ಅಭ್ಯಾಸವೆಂದು ನಾನು ಭಾವಿಸಿದ್ದೆ. ಮೊದಲನೆಯದರ ಹಿಂದೆ ಉಳಿದ ಸಾರವನ್ನು ತೊಳೆದು ತರುವ ಕೆಲಸ ಅದು ಎಂದು ಈಗ ತಿಳಿಯಿತು.

ಮರುದಿನ ಅಂಗಡಿಯಿಂದ ತಂದ, ಶೇ. 20 ಚಿಕೋರಿ ಬೆರೆಸಿದ ಪುಡಿಯಿಂದ ಅದೇ ರೀತಿ ಮಾಡಿದೆ. 60 ಗ್ರಾಂ ಇಳಿಯಿತು, ಗಾಢತೆ 7.0, ಲೆಕ್ಕ ಹಾಕಿದರೆ ಒಂದೇ ಬಾರಿಗೆ ಎಕ್ಸ್‌ಟ್ರ್ಯಾಕ್ಷನ್ 21. ಅಂಕಿ ನೋಡಿ ಇದೇ ಉತ್ತಮವಾಗಿ ಇಳಿದ ಡಿಕಾಕ್ಷನ್ ಎನ್ನುವಂತಿತ್ತು. ಆದರೆ ಹುರಿದ ಚಿಕೋರಿ ಬೇರಿನಲ್ಲಿ ನೀರಿಗೆ ಕರಗುವ ಭಾಗ ಅರ್ಧಕ್ಕಿಂತ ಹೆಚ್ಚು. ಕಾಫಿಯಲ್ಲಾದರೆ ಅದು ಮೂರರಲ್ಲಿ ಒಂದು ಪಾಲಿಗೂ ಕಡಿಮೆ. ಒಟ್ಟು ಕರಗಿದ 4.2 ಗ್ರಾಂನಲ್ಲಿ, 16 ಗ್ರಾಂ ಕಾಫಿ ಹಿಂದಿನ ದಿನದಂತೆಯೇ 15.5 ಶೇಕಡಾ ಬಿಟ್ಟಿದೆ ಎಂದುಕೊಂಡರೆ ಅದರ ಪಾಲು ಸುಮಾರು 2.5 ಗ್ರಾಂ. ಉಳಿದ 1.7 ಗ್ರಾಂ ನಾಲ್ಕು ಗ್ರಾಂ ಚಿಕೋರಿಯದು. ಇದು ಅಂದಾಜು, ಏಕೆಂದರೆ ಯಂತ್ರದ ಪರಿವರ್ತನೆ ಕಾಫಿಗಾಗಿ ಮಾಡಿದ್ದು, ಚಿಕೋರಿಯಲ್ಲಿ ಕರಗುವುದು ಬಹುಪಾಲು ಬೇರೆ ಬಗೆಯ ಸಕ್ಕರೆಗಳು. ಹನಿಯಲ್ಲಿ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಬೆಳಕು ಬೇರೆ ಮಾಡಿ ತೋರಿಸುವುದಿಲ್ಲ. ಹಾಲು ಬೆರೆತ ಮೇಲಂತೂ ಅಳೆಯಲೇಬಾರದು. ಹಾಲಿನಲ್ಲಿಯೇ ನೂರಕ್ಕೆ ಹನ್ನೆರಡರಷ್ಟು ಘನಾಂಶ ಇರುತ್ತದೆ.

ಹಾಗೆಂದು ಚಿಕೋರಿ ಪುಡಿಗೆ ಯಂತ್ರ ನಿರುಪಯೋಗಿ ಅಲ್ಲ. ಎಕ್ಸ್‌ಟ್ರ್ಯಾಕ್ಷನ್ ಅಂಕಿಯನ್ನು ಬಿಟ್ಟು, ಡಿಕಾಕ್ಷನ್ನಿನ ತೂಕ, ಇಳಿಯಲು ಹಿಡಿದ ಸಮಯ ಮತ್ತು ಗಾಢತೆಯ ಓದು ಈ ಮೂರನ್ನು ಮಾತ್ರ ಬರೆದು, ಒಂದೇ ಅಂಗಡಿಯ ಒಂದೇ ಮಿಶ್ರಣದೊಳಗೆ ಹೋಲಿಸುತ್ತೇನೆ. ಕಳೆದ ತಿಂಗಳು ತಂದ ಪೊಟ್ಟಣದಿಂದ ಅದೇ 60 ಗ್ರಾಂ ಡಿಕಾಕ್ಷನ್ ಹತ್ತು ನಿಮಿಷ ಮೊದಲೇ ಇಳಿದು 6.1 ತೋರಿಸಿತು. ಪುಡಿಯನ್ನು ಹಿಂದಿನದರ ಪಕ್ಕದಲ್ಲಿಟ್ಟು ಬೆರಳಿನಿಂದ ಉಜ್ಜಿ ನೋಡಿದಾಗ ಹೊಸದು ದಪ್ಪವಾಗಿತ್ತು. ಅಂಗಡಿಯವರಿಗೆ ಹೇಳಿ ಮುಂದಿನ ಬಾರಿ ಒಂದು ಗುರುತು ನುಣ್ಣಗೆ ಬೀಸಿಸಿಕೊಂಡೆ. ಆ ಪೊಟ್ಟಣದ ಡಬ್ಬಿಯ ಮುಚ್ಚಳದ ಮೇಲೆ ಈಗ ಒಂದು ಚೀಟಿ ಅಂಟಿಸಿದ್ದೇನೆ: 20 ಗ್ರಾಂ ಪುಡಿ, 110 ಗ್ರಾಂ ನೀರು, 60 ಗ್ರಾಂ ಡಿಕಾಕ್ಷನ್, 6.9.